ಹಾರ್ಡ್ ಡಿಸ್ಕ್ ವಾಪಸ್ ಕೇಳೋದು ಹೇಗೆ

ದೂರವಾದವರ ಹತ್ತಿರ ಉಳಿದ ಸಾಮಾನು ಕೇಳೋವಾಗ ಎಡವಟ್ಟಾಗೋದು ಮೊದಲ ಸಾಲಲ್ಲೇ. "ಹೇಗಿದ್ದೀಯಾ?" ಅಂದರೆ ಉತ್ತರ ಬರುತ್ತೆ, ಆಮೇಲೆ ಮಧ್ಯರಾತ್ರಿವರೆಗೂ ಹಳೇ ಲೆಕ್ಕ.

ಗೆಳತಿಯೊಬ್ಬಳು ಕಳಿಸಿದ್ದು ಇಷ್ಟೇ: "ನನ್ನ ಮಾರ್ಕ್ಸ್ ಕಾರ್ಡ್ ಫೈಲು, ಕಪ್ಪು ಹಾರ್ಡ್ ಡಿಸ್ಕ್ ನಿನ್ನ ಹತ್ತಿರ ಇವೆ. ಶನಿವಾರ ಬೆಳಗ್ಗೆ 10ರಿಂದ 12ರೊಳಗೆ ಡೆಲಿವರಿಯವರನ್ನ ಕಳಿಸ್ತೀನಿ, ದುಡ್ಡು ನಾನೇ ಕೊಡ್ತೀನಿ. ಆಗದಿದ್ದರೆ ನಿನಗೆ ಆಗೋ ಹೊತ್ತು ಹೇಳು."

ಮೊದಲು "ನೀನು ಇಟ್ಟುಕೊಂಡಿರೋ" ಅಂತ ಬರೆದಿದ್ದಳು. ಅದು ನೇರ ಆರೋಪ. "ಇನ್ನಾದರೂ" ಅಂತಲೂ ಒಂದಿತ್ತು, ಅದೂ ಹೋಯ್ತು. ಪಟ್ಟಿಯಲ್ಲಿ ಅವಳೇ ಕೊಡಿಸಿದ್ದ ವಾಚೂ ಇತ್ತು! ಉಡುಗೊರೆ ವಾಪಸ್ ಕೇಳಿದರೆ ಮಾತು ಸಾಮಾನು ಬಿಟ್ಟು ಯಾರು ಯಾರಿಗೆ ಎಷ್ಟು ಮಾಡಿದರು ಅನ್ನೋದಕ್ಕೆ ಹೋಗುತ್ತೆ. ಪುಣ್ಯಕ್ಕೆ ತೆಗೆದಳು. ಕಳಿಸಿದ್ದೂ ಹಗಲು ಹನ್ನೊಂದಕ್ಕೆ, ರಾತ್ರಿಯಲ್ಲ.

ಸಂಜೆ ಉತ್ತರ: "ಸರಿ. ಅಷ್ಟೇನಾ?"

ಆ "ಅಷ್ಟೇನಾ" ಒಂದು ಗಾಳ. "ಹೌದು. ಸೆಕ್ಯೂರಿಟಿ ಹತ್ತಿರ ಕೊಟ್ಟಿಟ್ಟರೂ ಆಗುತ್ತೆ" ಅಂತಷ್ಟೇ ಬರೆದಳು.

ಶನಿವಾರ ಎರಡೂ ಬಂದವು. ಹಾರ್ಡ್ ಡಿಸ್ಕಿನ ಕೇಬಲ್ ಮಾತ್ರ ಬರಲಿಲ್ಲ. ಅದಕ್ಕೆ ಇನ್ನೊಂದು ಮೆಸೇಜ್ ಬೇಡ, ಮೊಬೈಲ್ ಅಂಗಡೀಲಿ ಸಿಗುತ್ತೆ.