ನೀ ಅನ್ನಲೋ, ನೀವು ಅನ್ನಲೋ?

ಮೊನ್ನೆ ಧಾರವಾಡದಿಂದ ಚಿಗವ್ವ ಫೋನ್ ಮಾಡಿದ್ಲು. "ಫ್ರಾನ್ಸಿನ ಆಫೀಸಿನ್ಯಾಗ ಎಲ್ಲಾರೂ ಹೆಸರ ಹಿಡದ ಕರೀತಾರಂತಲ್ಲ, ಮರ್ಯಾದಿ ಹೆಂಗ ಕೊಡ್ತೀಯವಾ?" ಅಂತ ಕೇಳಿದ್ಲು. ಅಕೀಗೆ ನನ್ನ ಮೊದಲನೇ ಈಮೇಲಿನ ಕತಿ ಹೇಳಿದೆ.

ಲಿಯೋಂ ಊರಾಗ ಕೆಲಸಕ್ಕ ಸೇರಿದ ಎರಡನೇ ದಿನ, ಲೆಕ್ಕದ ವಿಭಾಗದಾಕೀಗೆ ಒಂದು ಫೈಲ್ ಕೇಳಿ ಬರೀಬೇಕಿತ್ತು. ಅಕೀ ಮುಖ ನೋಡಿದ್ದಿಲ್ಲ, ವಯಸ್ಸೂ ಗೊತ್ತಿದ್ದಿಲ್ಲ. ಫ್ರೆಂಚಿನ್ಯಾಗೂ ನಮ್ಮ ಹಂಗ ಎರಡು ಮಾತು ಅವ: 'ತ್ಯು' ಅಂದ್ರ ನೀ, 'ವು' ಅಂದ್ರ ನೀವು. ಬಾಜೂ ಕೂತ ಗೆಳತಿ, "ನಾವೆಲ್ಲಾ ತ್ಯು ಅಂತೀವಿ" ಅಂದ್ಲು. ಆದ್ರೂ ಗುರುತಿಲ್ಲದಾಕೀಗೆ ಏಕದಂ ನೀ ಅನ್ನಾಕ ನನಗ ಬಾಯಿ ಬರಲಿಲ್ಲ. 'ಬೋಂಜೂರ್' ಅಂತ ಶುರು ಮಾಡಿ, 'ಪುರ್ಯೇ-ವು', ಅಂದ್ರ 'ನೀವು ಕಳಸಾಕ ಆಗ್ತದೇನ್ರಿ' ಅಂತ ಬರದೆ. ಕಡೀಕ 'ಕೋರ್ದ್ಯಾಲ್ಮಾಂ' ಅಂತ ಹಾಕಿ ಕಳಿಸಿದೆ. ಅದೇನೂ ತಪ್ಪಲ್ಲ. ಗುರುತಿಲ್ಲದವರಿಗೆ ಮೊದಲನೇ ಸಲ 'ವು' ಅಂದ್ರ ಯಾರೂ ಸಿಟ್ಟಾಗಂಗಿಲ್ಲ.

ತಪ್ಪಾಗಿದ್ದು ಆಮ್ಯಾಲೆ. ಅರ್ಧಾ ತಾಸಿನ್ಯಾಗ ಫೈಲ್ ಬಂತು. ಕೆಳಗ ಬರೇ ಅಕೀ ಹೆಸರು, ಮಾತೆಲ್ಲಾ 'ತ್ಯು'ದಾಗ. ಅಕೀ ಬಾಗಲಾ ತಗದಿದ್ಲು, ನನಗ ತಿಳೀಲಿಲ್ಲ. ಮುಂದಿನ ಮೂರು ಪತ್ರಾನೂ ನಾ 'ವು' ಅಂತನ ಬರದೆ. ನಮ್ಮ ಮನ್ಯಾಗ ಅತ್ತಿ ನನಗ 'ನೀ' ಅಂತಾರ, ನಾ ಅವರಿಗೆ 'ನೀವು' ಅಂತೀನಿ, ಅದು ಚಂದನ ಐತಿ. ಅಲ್ಲೂ ಹಂಗ ಅನ್ಕೊಂಡಿದ್ದೆ.

ನಾಕನೇ ದಿನ ಕಾಫೀ ಮಷೀನ್ ಮುಂದ ಅಕೀನ ಬಂದು ಕೇಳಿದ್ಲು, "ನನ್ನಿಂದ ಏನರ ತಪ್ಪಾತೇನು?" ಸಮ ಕೆಲಸದವರೊಳಗ ಒಬ್ಬರು ತ್ಯು ಅಂದು ಇನ್ನೊಬ್ಬರು ವು ಅಂತ ಹಿಡಕೊಂಡ್ರ, ಅದು ಮರ್ಯಾದಿ ಅಲ್ಲ, ದೂರ ಸರದಂಗ ಆಗ್ತದಂತ. ಕೇಳಿ ನನ್ನ ಮಾರಿ ಸಣ್ಣದಾತು.

ಅವತ್ತ ಮಧ್ಯಾಹ್ನ 'ತ್ಯು'ದಾಗ ಬರೀಲಿಕ್ಕೆ ಕೂತೆ. ಅದರಾಗ ಇನ್ನೊಂದು ಫಜೀತಿ. ನೀವು ಹೋಗಿ ನೀ ಬಂದ್ರ ಕ್ರಿಯಾಪದಾನೂ ತಿರುಗಬೇಕು, 'ನಿಮ್ಮ'ದೂ 'ನಿನ್ನ'ದಾಗಬೇಕು. ನಾ ಹಳೇ ಪತ್ರ ಕಾಪಿ ಮಾಡಿ 'ಪುರೇ-ತ್ಯು' ಅಂತ ತಿದ್ದಿದೆ, ಆದ್ರ ಕೆಳಗ 'ವೋತ್ರ್' ಹಂಗ ಉಳೀತು. 'ನೀ ನಿಮ್ಮ ಫೈಲ್ ಕಳಸ್ತೀಯೇನು' ಅಂದಂಗಾತು! ಕಳಸೂಕಿಂತ ಮೊದಲ ಕಣ್ಣಿಗೆ ಬಿತ್ತು, ಪುಣ್ಯಾ. 'ವೋತ್ರ್' ತಗದು 'ತೋಂ' ಹಾಕಿದೆ.

ಈಗ ಹೊಸಬರಿಗೆ ಬರೀಬೇಕಾದ್ರ 'ವು'ದಿಂದಾನ ಶುರು ಮಾಡ್ತೀನಿ. ಉತ್ತರದಾಗ ಅವರು ತ್ಯು ಅಂದ್ರ ಅವತ್ತ ನಾನೂ ಬದಲಾಗ್ತೀನಿ. ವು ಅಂತನ ಬಂದ್ರ, ಅದೂ ಸರಿ. ದೊಡ್ಡ ಸಾಹೇಬರು, ಗಿರಾಕಿಗಳು ಇದ್ರ ಅವರಾಗಿ 'ಓಂ ಪ ಸ ತ್ಯುತ್ವಾಯೇ?' ಅಂತ, ಅಂದ್ರ 'ನೀ ಅನ್ಕೊಳ್ಳೋಣೇನು?' ಅಂತ ಕೇಳೂತನಾ ಕಾಯ್ತೀನಿ. ಇಬ್ಬರಿಗೆ ಕೂಡಿ ಬರದ್ರ ಚಿಂತಿನ ಇಲ್ಲ, ಇಬ್ಬರಿಗೂ 'ವು'ನ ಬರ್ತದ.

ಚಿಗವ್ವ ಎಲ್ಲಾ ಕೇಳಿ, "ಹಂಗಾರ ನಿಮ್ಮತ್ತಿಗೆ ಇನ್ನಮ್ಯಾಲೆ ನೀ ಅಂತೀಯೇನ?" ಅಂದ್ಲು. ಇಲ್ಲವಾ, ಅಷ್ಟು ಧೈರ್ಯ ಇನ್ನೂ ಬಂದಿಲ್ಲ.