ಮುಚ್ಚುವ ಗಂಟೆ

ಗಂಗಾಪುರದಲ್ಲಿ ಕೆಲಸ ಎಂದರೆ ನಮ್ಮೂರ ಹಿರಿಯರು ಕೈಮುಗಿಯುತ್ತಾರೆ. ಕಲಬುರಗಿ ಸೀಮೆಯವರಿಗೆ ಆ ಹೆಸರು ಕೇಳಿದರೆ ನೆನಪಾಗುವುದು ದತ್ತಾತ್ರೇಯನ ಗಾಣಗಾಪುರ. ನಾನಿರುವುದು ಬೇರೆ ಗಂಗಾಪುರದಲ್ಲಿ. ಇದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು, ವಾಳೂಜ್ ಕೈಗಾರಿಕಾ ಪ್ರದೇಶ ಇರುವುದು ಇಲ್ಲೇ. ವಾಹನಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಆರ್ಡರ್ ಮತ್ತು ಡಿಸ್‌ಪ್ಯಾಚ್ ನನ್ನ ಪಾಲಿನ ಕೆಲಸ. ಅರ್ಧ ಕೆಲಸ ಬರುವುದು ಮೇಲ್‌ನಲ್ಲೇ.

ಮೊದಲು ನನ್ನ ಮೇಲ್ ದಿನವಿಡೀ ತೆರೆದಿರುತ್ತಿತ್ತು. ಯಂತ್ರಗಳ ನಡುವೆ ನಿಂತು ಫೋನಿನಲ್ಲೇ ಓದುತ್ತಿದ್ದೆ. ಒಂದು ದಿನ ಹಾಗೆ ಓದಿದ ಆರ್ಡರ್ ಬದಲಾವಣೆಯೊಂದನ್ನು ‘ಸೀಟಿಗೆ ಹೋದ ಮೇಲೆ ನೋಡೋಣ’ ಎಂದುಕೊಂಡು ಮರೆತೇಬಿಟ್ಟೆ. ಒಮ್ಮೆ ಓದಿದ ಮೇಲೆ ದಪ್ಪ ಅಕ್ಷರ ತೆಳುವಾಗುತ್ತದೆ, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಬೇಡವಾದ ಮಾಲು ಗಾಡಿ ಹತ್ತಿತು. ಅದಾದ ಮೇಲೆ ಮೇಲ್‌ಗೆ ದಿನಕ್ಕೆ ಎರಡೇ ಹೊತ್ತು ಎಂದು ನಿಶ್ಚಯಿಸಿದೆ: ಬೆಳಿಗ್ಗೆ 11:00 ಮತ್ತು ಸಂಜೆ 4:30, ಒಂದೊಂದು 40 ನಿಮಿಷ. ನಡುವೆ ಪೆಟ್ಟಿಗೆ ಮುಚ್ಚಿರಬೇಕು.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೊಂದು ದಿನ ನಾಸಿಕದ ಗಿರಾಕಿಯಿಂದ ಮಧ್ಯಾಹ್ನ 12:10ಕ್ಕೆ ಒಂದು ಬುಷ್‌ನ ಹೊಸ ಡ್ರಾಯಿಂಗ್ ಬಂತು. ಒಳಗಿನ ತೋಡು 1.5 ಮಿ.ಮೀ. ಆಚೆ ಸರಿದಿತ್ತು. ನಾನದನ್ನು ಕಂಡದ್ದು 4:30ಕ್ಕೆ. ಅಷ್ಟರಲ್ಲಿ ಹಳೆಯ ಡ್ರಾಯಿಂಗ್ ಪ್ರಕಾರ 340 ಬುಷ್ ಆಗಿಹೋಗಿದ್ದವು. ರಂಧ್ರ ಚಿಕ್ಕದಾಗಿದ್ದರೆ ಇನ್ನಷ್ಟು ಕೊರೆಯಬಹುದು, ಆದರೆ ತಪ್ಪು ಜಾಗದಲ್ಲಿ ಕೊರೆದ ತೋಡನ್ನು ತುಂಬಲಾಗದು. ಎಲ್ಲವೂ ಗುಜರಿಗೆ ಹೋದವು. “ದಿನಕ್ಕೆ ಎರಡೇ ಸಲ ಮೇಲ್ ನೋಡ್ತೀನಿ ಅನ್ನೋರಿಗೆ ಈ ಕುರ್ಚಿ ಯಾಕೆ ಬೇಕು?” ಎಂದು ಸಾಹೇಬರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ಪದ್ಧತಿಗೆ ಮರಳುವುದು ಸುಲಭವಿತ್ತು. ಆದರೆ ಮೊದಲ ತಪ್ಪು ಆದದ್ದು ಮೇಲ್ ತೆರೆದಿದ್ದಾಗಲೇ. ಹಾಗಾಗಿ ಈ ಸಲ ತಪ್ಪಿದ್ದೇನು ಎಂದು ಯೋಚಿಸಿದೆ. ಆಗ ನೆನಪಾದದ್ದು ಊರಿನ ಕೆಂಪು ಅಂಚೆಪೆಟ್ಟಿಗೆ. ಅದರ ಮೈಮೇಲೆ, ಮುಂದಿನ ಸಲ ಕಾಗದ ತೆಗೆಯುವ ಗಂಟೆ ಬರೆದಿರುತ್ತಿತ್ತು. ಕಾಗದ ಹಾಕುವವನಿಗೆ ಅದು ಯಾವಾಗ ಹೊರಡುತ್ತದೆ ಎಂದು ಗೊತ್ತು. ಅವಸರವಿದ್ದವನು ಪೆಟ್ಟಿಗೆಗೆ ಹಾಕದೆ ತಂತಿ ಕಳಿಸುತ್ತಿದ್ದ. ನಾನು ಪೆಟ್ಟಿಗೆಗೆ ಗಂಟೆ ಗೊತ್ತು ಮಾಡಿದ್ದೆ, ಆದರೆ ಅದನ್ನು ಹೊರಗೆ ಬರೆದಿರಲಿಲ್ಲ. ನಾಸಿಕದ ಮೇಡಂ ಎಂದಿನಂತೆ ನಾನು ತಕ್ಷಣ ನೋಡುತ್ತೇನೆ ಎಂದುಕೊಂಡೇ ಕಳಿಸಿದ್ದರು.

ಎರಡನೆಯ ತಪ್ಪು ಹೊತ್ತಿನದು. 4:30 ನನಗೆ ಅನುಕೂಲವಾದ ಗಂಟೆಯೇ ಹೊರತು ಕೆಲಸಕ್ಕಲ್ಲ. ನಮ್ಮಲ್ಲಿ ಎರಡನೆಯ ಪಾಳಿ ಶುರುವಾಗುವುದು 3:30ಕ್ಕೆ. ಯಂತ್ರಕ್ಕೆ ಹೊಸ ಸೆಟ್ಟಿಂಗ್ ಕೂರಿಸುವುದು ಸಾಮಾನ್ಯವಾಗಿ ಆಗಲೇ. ಅದಕ್ಕೆ ಮುಂಚೆ ಕೈಗೆ ಸಿಗದ ಬದಲಾವಣೆ ಮರುದಿನದವರೆಗೆ ಉಪಯೋಗಕ್ಕಿಲ್ಲ. ಆದ್ದರಿಂದ ಎರಡನೆಯ ಹೊತ್ತನ್ನು 3:00ಕ್ಕೆ ತಂದೆ. ಬೆಳಗಿನ 11 ಹಾಗೆಯೇ ಉಳಿಯಿತು, ಗಿರಾಕಿಗಳ ಆ ದಿನದ ಬೇಡಿಕೆಪಟ್ಟಿ ಹತ್ತೂವರೆಯೊಳಗೆ ಬಂದಿರುತ್ತದೆ.

ಮೇಲ್‌ನ ಕೊನೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೆ: ‘ಮೇಲ್ ನೋಡುವುದು 11:00 ಮತ್ತು 3:00ಕ್ಕೆ. ಅಲ್ಲಿಯವರೆಗೆ ಕಾಯಲಾಗದ್ದಕ್ಕೆ ಫೋನ್ ಮಾಡಿ.’ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹಾಕಿದೆ. ಮುಖ್ಯ ಗಿರಾಕಿಗಳಿಗೆ ನಾನೇ ಫೋನ್ ಮಾಡಿ, ಡ್ರಾಯಿಂಗ್ ಬದಲಾದರೆ ಮೇಲ್ ಜೊತೆಗೆ ಒಂದು ಕರೆ ಕಡ್ಡಾಯ ಎಂದು ಹೇಳಿದೆ. “ಹಾಗಾದರೆ ದಿನವಿಡೀ ಫೋನೇ ಬರುತ್ತಲ್ಲ ಸರ್?” ಎಂದರು ಮೇಡಂ. ಮೊದಲ ವಾರ ಒಂಬತ್ತು ಕರೆ ಬಂದವು, ನಿಜಕ್ಕೂ ಅವಸರದ್ದು ಎರಡೇ. ಆಮೇಲೆ ವಾರಕ್ಕೆ ಎರಡು ಮೂರಕ್ಕೆ ಇಳಿಯಿತು. ಮೇಲ್ ಕಳಿಸಲು ಏನೂ ಖರ್ಚಿಲ್ಲ, ಫೋನ್ ಮಾಡುವವನು ಮಾತ್ರ ಒಮ್ಮೆ ಯೋಚಿಸುತ್ತಾನೆ.

ಆ 40 ನಿಮಿಷದಲ್ಲಿ ಮಾಡುವುದು ಓದುವ ಕೆಲಸವಲ್ಲ, ವಿಲೇವಾರಿ. ಒಂದು ಬೆಳಗಿನ ಲೆಕ್ಕ ಹೀಗಿತ್ತು: 30 ಮೇಲ್. ಅದರಲ್ಲಿ 13 ನನಗೆ ಬರೀ ಪ್ರತಿ ಬಂದವು, ಕಣ್ಣಾಡಿಸಿ ತೆಗೆದಿಟ್ಟೆ. 9ಕ್ಕೆ ಎರಡೆರಡು ನಿಮಿಷದಲ್ಲಿ ಉತ್ತರ ಮುಗಿಯಿತು. 5 ದೊಡ್ಡ ಕೆಲಸಗಳು, ಅವನ್ನು ದಿನಾಂಕ ಸಮೇತ ನೋಟ್‌ಬುಕ್ಕಿಗೆ ಇಳಿಸಿದೆ. ಉಳಿದ 3 ಬೇರೆಯವರ ಉತ್ತರಕ್ಕೆ ಕಾಯಬೇಕಾದವು, ಅವಕ್ಕೆ ಬೇರೆ ಪುಟ. ಎಲ್ಲ ಸೇರಿ ಅರ್ಧ ಗಂಟೆ. ದೊಡ್ಡ ಕೆಲಸವನ್ನು ಅಲ್ಲೇ ಮಾಡತೊಡಗಿದರೆ ಕೆಳಗಿನ ಮೇಲ್‌ಗಳು ಹಾಗೇ ಉಳಿಯುತ್ತವೆ, ಮತ್ತು ಆ ಹೊತ್ತು ಸಂಜೆಯವರೆಗೆ ಎಳೆಯುತ್ತದೆ.

ಕಷ್ಟವಿರುವುದು ತೆರೆಯುವುದರಲ್ಲಲ್ಲ, ಮುಚ್ಚುವುದರಲ್ಲಿ. ಗೂಗಲ್ ಕ್ಯಾಲೆಂಡರ್ ಕಾರ್ಯಕ್ರಮದ ಶುರುವಿಗೆ ಎಚ್ಚರಿಸುತ್ತದೆ, ಮುಗಿಯುವ ಹೊತ್ತಿಗೆ ಸುಮ್ಮನಿರುತ್ತದೆ. ಹಾಗಾಗಿ 11:40ಕ್ಕೆ ಮತ್ತು 3:40ಕ್ಕೆ ಬೇರೆ ಎರಡು ಕಾರ್ಯಕ್ರಮ ಹಾಕಿ, ಎಚ್ಚರಿಕೆಯನ್ನು ಸೊನ್ನೆ ನಿಮಿಷಕ್ಕೆ ಇಟ್ಟೆ. ಬರೀ ‘ಮೇಲ್ ಮುಚ್ಚು’ ಎಂದು ಬರೆದಿದ್ದಾಗ ನಾಲ್ಕು ದಿನದಲ್ಲೇ ಕಣ್ಣು ಅದನ್ನು ದಾಟಿಹೋಗತೊಡಗಿತು. ಈಗ ಬೆಳಿಗ್ಗೆ ಬಂದ ಕೂಡಲೇ ಆ ದಿನದ ಮುಂದಿನ ಕೆಲಸವನ್ನೇ ಅಲ್ಲಿ ಬರೆಯುತ್ತೇನೆ: ‘ಮೇಲ್ ಮುಚ್ಚು, ಸ್ಟಾಕ್ ಎಣಿಕೆಗೆ ಹೋಗು.’ ಎದ್ದು ಎಲ್ಲಿಗೆ ಹೋಗಬೇಕು ಎಂದು ಗೊತ್ತಿದ್ದರೆ ಮುಚ್ಚಲು ಸುಲಭ. ಫೋನಿನ ಮೇಲ್ ಸೂಚನೆಗಳೂ ಬಂದ್.

ಮುಚ್ಚಿದ ಪೆಟ್ಟಿಗೆ ಮತ್ತೆ ತೆರೆದುಕೊಳ್ಳುವ ದಾರಿ ಎರಡು. ಒಂದು, ಹಳೆಯ ಡ್ರಾಯಿಂಗ್ ಹುಡುಕಲು. ಹೋಗುವುದು ಹಳೆಯದಕ್ಕೆ, ಕಣ್ಣು ಬೀಳುವುದು ಹೊಸದರ ಮೇಲೆ. ಅದಕ್ಕೇ ಲಗತ್ತುಗಳನ್ನು ಆ 40 ನಿಮಿಷದಲ್ಲೇ ಫೋಲ್ಡರಿಗೆ ಇಳಿಸಿಕೊಳ್ಳುತ್ತೇನೆ. ಇನ್ನೊಂದು, ನಾನೇ ಬರೆಯಬೇಕಾದಾಗ. ಜಿಮೇಲ್‌ನಲ್ಲಿ ಈ ವಿಳಾಸ ತೆರೆದರೆ ಇನ್‌ಬಾಕ್ಸ್ ಕಾಣದೆ ಬರೀ ಬರೆಯುವ ಹಾಳೆ ಬರುತ್ತದೆ:

```
https://mail.google.com/mail/?view=cm&fs=1
```

ಕಂಪ್ಯೂಟರಿನಲ್ಲಿ ಹಳೆಯ ಮಾದರಿಯ ಔಟ್‌ಲುಕ್ ಬಳಸುವವರಿಗೆ Send / Receive ಪುಟದಲ್ಲಿ Work Offline ಎಂಬ ಗುಂಡಿ ಇದೆ. ಒತ್ತಿದರೆ ಹಳೆಯ ಮೇಲ್ ಕಾಣುತ್ತದೆ, ಹೊಸದು ಬರುವುದಿಲ್ಲ. ನೀವು ಬರೆದದ್ದೂ ಹೊರಡದೆ Outbox ನಲ್ಲಿ ಕಾಯುತ್ತದೆ ಎಂಬುದು ನೆನಪಿರಲಿ.

ಇದರಿಂದ ಮನಸ್ಸು ಹಗುರವಾಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಕೆನಡಾದ ಕುಶ್ಲೆವ್ ಮತ್ತು ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ಜನ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಬೇಕಿತ್ತು, ಇನ್ನೊಂದು ವಾರ ಎಷ್ಟು ಸಲವಾದರೂ ಸರಿ. ಮಿತಿಯಿದ್ದ ವಾರ ಒತ್ತಡ ಕಡಿಮೆಯಿತ್ತು. ಮರುವರ್ಷ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು ಕಚೇರಿ ನೌಕರರನ್ನು ಗಮನಿಸಿದಾಗ, ಒಟ್ಟುಗೂಡಿಸಿ ನೋಡುವುದರಿಂದ ಒತ್ತಡ ಇಳಿದ ಪುರಾವೆ ಸಿಗಲಿಲ್ಲ. ಮೇಲ್‌ನಲ್ಲಿ ಕಳೆಯುವ ಒಟ್ಟು ಹೊತ್ತು ಹೆಚ್ಚಾದಷ್ಟೂ ಒತ್ತಡ ಹೆಚ್ಚಿತ್ತು. ನನ್ನ ಅನುಭವ ಎರಡಕ್ಕೂ ಹೊಂದುತ್ತದೆ: 40 ನಿಮಿಷ ಒಂದೂವರೆ ಗಂಟೆಯಾದ ದಿನ ಎರಡೇ ಹೊತ್ತು ಎಂಬ ನಿಯಮದಿಂದ ಏನೂ ಸಿಗುವುದಿಲ್ಲ.

ಎಲ್ಲರಿಗೂ ಇದು ಆಗದು. ದೂರು ಸ್ವೀಕರಿಸುವವರಿಗೆ ಮೇಲೇ ಕೆಲಸ. ನಾಲ್ಕು ಗಂಟೆ ತಡವಾದರೆ ನಷ್ಟವಾಗುವ ಸುದ್ದಿ ನಿಮಗೆ ಮೇಲ್‌ನಲ್ಲೇ ಬರುತ್ತಿದ್ದರೆ, ಮೊದಲು ಅದಕ್ಕೆ ಬೇರೆ ದಾರಿ ಮಾಡಿ, ಆಮೇಲೆ ಪೆಟ್ಟಿಗೆ ಮುಚ್ಚಿ. ನಾನು ಇದನ್ನು ತಿರುಗುಮುರುಗು ಮಾಡಿದೆ. ಅದರ ಬೆಲೆ 340 ಬುಷ್.

ಅವುಗಳಲ್ಲೊಂದು ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು. ಮೊನ್ನೆ 12:20ಕ್ಕೆ ಫೋನ್ ಬಂತು. “ಸರ್, ಡ್ರಾಯಿಂಗ್ ಬದಲಾಗಿದೆ, ಮೇಲ್ ಹಾಕಿದ್ದೀನಿ,” ಎಂದರು ನಾಸಿಕದ ಮೇಡಂ. ಎದ್ದು ಹೋಗಿ ಯಂತ್ರ ನಿಲ್ಲಿಸಿಸಿದೆ. ಬಂದು ಆ ಒಂದು ಮೇಲ್ ತೆರೆದು, ಡ್ರಾಯಿಂಗ್ ಇಳಿಸಿಕೊಂಡು, ಮುಚ್ಚಿದೆ. ಉಳಿದವು ಮೂರು ಗಂಟೆಗೆ.