ಮೆಣಸಿನಕಾಯಿ ಚೀಲದ ಮೇಲಿನ ಮಾತು

ಜನವರಿ 20
ಕುಂದಗೋಳ ಕಡೆಯ ರೈತರ ಸಹಕಾರ ಸಂಘದವರು ತಮ್ಮ ಒಣಮೆಣಸಿನಕಾಯಿ ಚೀಲದ ಲೇಬಲ್ ಬರಹ ತಿದ್ದಲು ಕೊಟ್ಟಿದ್ದಾರೆ. ಯುರೋಪಿನ ಖರೀದಿದಾರರು ಅದನ್ನು ಹಿಂದಕ್ಕೆ ಕಳಿಸಿ ಮೂರು ಪ್ರಶ್ನೆ ಕೇಳಿದ್ದಾರೆ: ಎಲ್ಲಿ ಬೆಳೆದದ್ದು, ಹೇಗೆ ಒಣಗಿಸಿದ್ದು, ಗುಣಮಟ್ಟಕ್ಕೆ ಏನು ಆಧಾರ?

ಮೊದಲ ಸಾಲೇ ‘ಬ್ಯಾಡಗಿಯ ಮಣ್ಣಿನ ಕೆಂಪು ಚಿನ್ನ’. ಬ್ಯಾಡಗಿ ಹಾವೇರಿ ಜಿಲ್ಲೆಯ ಪೇಟೆ. ಅಲ್ಲಿ ಮಾರಾಟವಾಗುವ ಕಾಯಿ ಸುತ್ತಲಿನ ಹಲವು ತಾಲ್ಲೂಕುಗಳಿಂದ ಬರುತ್ತದೆ. ಈ ಸಂಘದ ಸದಸ್ಯರ ಹೊಲಗಳೆಲ್ಲ ಧಾರವಾಡ ಜಿಲ್ಲೆಯಲ್ಲಿವೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹೆಸರನ್ನು ಬಿಡುವಂತಿಲ್ಲ, ಊರನ್ನು ಮರೆಸುವಂತೆಯೂ ಇಲ್ಲ. ಹೀಗೆ ಬರೆದೆ: ‘ತಳಿ: ಬ್ಯಾಡಗಿ ಕಡ್ಡಿ. ಬೆಳೆದ ಸ್ಥಳ: ಕುಂದಗೋಳ ತಾಲ್ಲೂಕಿನ ಮಳೆಯಾಶ್ರಿತ ಎರೆಭೂಮಿ.’

ಜನವರಿ 24
‘ಶುದ್ಧ ಬಿಸಿಲಿನಲ್ಲಿ ಒಣಗಿಸಿದ್ದು’ ಎಂಬ ಸಾಲಿಗಾಗಿ ಕಣಕ್ಕೇ ಹೋದೆ. ಕೆಲವರು ತಾಡಪತ್ರಿ ಹಾಸಿದ್ದರು, ಕೆಲವರು ಬರೀ ನೆಲದ ಮೇಲೆ ಹರಡಿದ್ದರು. ರಾತ್ರಿಯ ಇಬ್ಬನಿ ಬಿದ್ದ ಕಾಯಿ ನೆಲದ ತೇವವನ್ನೂ ಹೀರಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ತೊಳೆದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಚೀಲ ತುಂಬುವ ಮುಂಚೆ ನೀರು ಚಿಮುಕಿಸುತ್ತೀರಾ ಎಂದು ಕೇಳಿದೆ. ಹಿರಿಯರೊಬ್ಬರು ಮುಚ್ಚಿಡಲಿಲ್ಲ: “ಹೌದ್ರಿ ಸರ, ಭಾಳ ಒಣಗಿದ್ರ ಕಾಯಿ ಮುರೀತಾವ. ಮುರಿದ ಕಾಯಿಗೆ ರೇಟ್ ಎಲ್ಲೈತ್ರಿ?”

ಅವರ ಕಷ್ಟ ನಿಜ. ಆದರೆ ಆ ನೀರೇ ಗೋದಾಮಿನಲ್ಲಿ ಬೂಷ್ಟಾಗುತ್ತದೆ. ತಾಡಪತ್ರಿಯ ಮೇಲೆ ಒಣಗಿಸಿ, ನೀರು ತಾಗಿಸದೆ ತುಂಬಿದ ಚೀಲಗಳನ್ನೇ ರಫ್ತಿಗೆ ಬೇರೆ ಇಡಲು ಸಂಘದವರು ಒಪ್ಪಿದರು. ಲೇಬಲ್‌ನ ಸಾಲು ಆ ಚೀಲಗಳಿಗೆ ಮಾತ್ರ.

ಫೆಬ್ರವರಿ 3
ರಫ್ತಿಗೆ ಬೇರೆ ಇಟ್ಟ ಚೀಲಗಳ ಎರಡು ಲಾಟ್‌ಗಳ ಪ್ರಯೋಗಾಲಯದ ವರದಿ ಬಂತು. ಯುರೋಪಿನ ಮಿತಿಯಂತೆ ಕಿಲೋಗೆ ಅಫ್ಲಾಟಾಕ್ಸಿನ್ ಬಿ1 5 ಮೈಕ್ರೋಗ್ರಾಂ, ಒಟ್ಟು 10 ಮೀರಬಾರದು. ಎರಡು ಲಾಟ್‌ಗಳೂ ಒಳಗೇ ಇವೆ. ಬಣ್ಣದ ಆಸ್ಟಾ ಅಂಕ ಮಾತ್ರ ಒಂದರಲ್ಲಿ 142, ಇನ್ನೊಂದರಲ್ಲಿ 118. ಕರಡಿನಲ್ಲಿದ್ದದ್ದು ‘150ಕ್ಕೂ ಹೆಚ್ಚು’.

ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಹೇಳಿದೆ: ಬ್ಯಾಡಗಿ ಕಾಯಿಯನ್ನು ಕೊಳ್ಳುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು. ಆ ಬಣ್ಣ ಬೆಳಕು, ಸೆಕೆಗೆ ತಿಂಗಳು ತಿಂಗಳೂ ಇಳಿಯುತ್ತದೆ. ಅದಕ್ಕೇ ಬ್ಯಾಡಗಿಯಲ್ಲಿ ಅಷ್ಟು ಶೀತಲಗೃಹಗಳಿವೆ. ಹಾಗಾಗಿ ಲೇಬಲ್‌ನಲ್ಲಿ ಅಚ್ಚಾದ ಅಂಕ ಇರಬಾರದು. ಲಾಟ್ ಸಂಖ್ಯೆ ಇರಲಿ. ಅಂಕವೂ ಪರೀಕ್ಷೆಯ ದಿನಾಂಕವೂ ಆ ಲಾಟ್‌ನ ವರದಿಯಲ್ಲಿರಲಿ.

ಫೆಬ್ರವರಿ 6
ಬರಹ ಆರು ಸಾಲಿಗೆ ಇಳಿಯಿತು: ತಳಿ, ತಾಲ್ಲೂಕು, ಕೊಯ್ಲಿನ ತಿಂಗಳು, ಒಣಗಿಸಿದ ರೀತಿ, ಲಾಟ್ ಸಂಖ್ಯೆ, ಸಂಘದ ವಿಳಾಸ. ‘ಕೆಂಪು ಚಿನ್ನ’ ಹೋಯಿತು. ಉಳಿದ ಪ್ರತಿ ಸಾಲನ್ನೂ ಕಣಕ್ಕೆ ಬಂದು ಯಾರು ಬೇಕಾದರೂ ಪರೀಕ್ಷಿಸಬಹುದು.